‘ಬ್ಯಾನ್ ಮಾಡಿ’ ಎಂಬ ಅರ್ಜಿಗೆ ಸಹಿ ಹಾಕುವ ಮುನ್ನ



ವರ್ಷಕ್ಕೆ ಒಂದೆರಡು ಬಾರಿಯಾದರೂ ನಮ್ಮ ಯುವಜನರ ವಾಟ್ಸಾಪ್ ಗುಂಪಿಗೆ ಒಂದೇ ಧಾಟಿಯ ಸಂದೇಶ ಬರುತ್ತದೆ. ಯಾವುದೋ ಸಿನಿಮಾದಲ್ಲಿ ಕನ್ಯಾಸ್ತ್ರೀಯರನ್ನು ಕೆಟ್ಟದಾಗಿ ತೋರಿಸಿದ್ದಾರಂತೆ, ಯಾವುದೋ ನಾಟಕದಲ್ಲಿ ಗುರುಗಳನ್ನು ಲೇವಡಿ ಮಾಡಿದ್ದಾರಂತೆ. ಕೊನೆಯಲ್ಲಿ ಒಂದು ಲಿಂಕ್, ಅದರ ಕೆಳಗೆ ‘ಸಹಿ ಹಾಕಿ, ಕನಿಷ್ಠ ಹತ್ತು ಜನರಿಗೆ ಕಳುಹಿಸಿ, ನಿಷೇಧ ಆಗಲೇಬೇಕು’ ಎಂಬ ಸಾಲು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅದೇ ಚರ್ಚೆ. ‘ನೀನು ಸಹಿ ಹಾಕಿದೆಯಾ?’ ಎಂದು ಹಿರಿಯರು ಕೇಳುತ್ತಾರೆ. ಹಾಕಿಲ್ಲ ಎಂದರೆ ವಿಶ್ವಾಸದ ಮೇಲೆಯೇ ಸಂಶಯ!

ಇಂಥ ನಿಷೇಧದ ಅರ್ಜಿಗೆ ನಾವು ಸಹಿ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಸಿನಿಮಾ ಚೆನ್ನಾಗಿರುತ್ತದೆ ಎಂದು ಹೇಳುತ್ತಿಲ್ಲ. ನಮ್ಮ ದೇಶದ ಕೋರ್ಟುಗಳು ಇಂಥ ಪ್ರಶ್ನೆಯನ್ನು ಹೇಗೆ ತೂಗುತ್ತವೆ ಎಂದು ನೋಡಿದರೆ, ಆ ತಕ್ಕಡಿ ನಮ್ಮಂಥ ಸಣ್ಣ ಸಮುದಾಯವನ್ನು ಕಾಯುವ ತಕ್ಕಡಿಯೂ ಹೌದು ಎಂಬುದು ತಿಳಿಯುತ್ತದೆ. ನಾನು ಓದಿದ್ದು ಬಿಎಸ್ಸಿ, ಕಾನೂನಲ್ಲ. ಆದರೆ ಈ ತೀರ್ಪುಗಳನ್ನು ಓದಿ ಅರ್ಥಮಾಡಿಕೊಳ್ಳಲು ವಕೀಲರೇ ಆಗಬೇಕಿಲ್ಲ, ತಾಳ್ಮೆ ಇದ್ದರೆ ಸಾಕು.

ಸಂವಿಧಾನದ 19ನೇ ವಿಧಿಯ ಮೊದಲ ಭಾಗ ನಮಗೆ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಎರಡನೆಯ ಭಾಗ, ಅಂದರೆ 19(2), ಅದಕ್ಕೆ ‘ಸಮಂಜಸ ನಿರ್ಬಂಧ’ ಹಾಕಲು ಸರಕಾರಕ್ಕೆ ಅವಕಾಶ ಕೊಡುತ್ತದೆ. ಯಾವ ಕಾರಣಕ್ಕೆ ಹಾಕಬಹುದು ಎಂಬುದು ಅಲ್ಲಿಯೇ ಇದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ ಎಂಟು. ಪಟ್ಟಿಯನ್ನು ಇನ್ನೊಮ್ಮೆ ಓದಿ. ‘ಮನಸ್ಸಿಗೆ ನೋವಾಯಿತು’ ಎಂಬುದು ಅದರಲ್ಲಿ ಇಲ್ಲ.

ಮೊದಲಿಗೆ ಈ ಪಟ್ಟಿಯಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ಯೂ ಇರಲಿಲ್ಲ. 1950ರಲ್ಲಿ ಮದ್ರಾಸ್ ಸರಕಾರ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರಬಾರದೆಂದು ಆದೇಶ ಹೊರಡಿಸಿತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿ ಮದ್ರಾಸ್ ರಾಜ್ಯದಲ್ಲೇ ಇದ್ದುದರಿಂದ ಆ ನಿಷೇಧ ನಮ್ಮ ಊರಿಗೂ ಅನ್ವಯಿಸುತ್ತಿತ್ತು. ಪತ್ರಿಕೆಯ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ರಾಜ್ಯದ ಭದ್ರತೆಗೇ ಧಕ್ಕೆ ಬರುವಂಥದ್ದಾದರೆ ತಡೆಯಬಹುದು, ಸಾಮಾನ್ಯ ಶಾಂತಿ ಸುವ್ಯವಸ್ಥೆಯ ಹೆಸರಿನಲ್ಲಿ ತಡೆಯಲು ಸಂವಿಧಾನದಲ್ಲಿ ಜಾಗವಿಲ್ಲ ಎಂದು ಕೋರ್ಟ್ ಹೇಳಿತು. ಮರುವರ್ಷವೇ, 1951ರ ಮೊದಲನೇ ತಿದ್ದುಪಡಿಯಲ್ಲಿ, ಸಾರ್ವಜನಿಕ ಸುವ್ಯವಸ್ಥೆ ಪಟ್ಟಿಗೆ ಸೇರಿತು. ಅದೇ ತಿದ್ದುಪಡಿಯಲ್ಲಿ ‘ಸಮಂಜಸ’ ಎಂಬ ಪದವೂ ಸೇರಿತು. ಈ ಚಿಕ್ಕ ಪದ ಬಹಳ ಕೆಲಸ ಮಾಡುತ್ತದೆ. ನಿರ್ಬಂಧ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ, ಅದು ಸಮಂಜಸವೇ ಎಂದು ಕೋರ್ಟ್ ಪರೀಕ್ಷಿಸಬಹುದು ಎಂಬ ಬಾಗಿಲು ಅದರಿಂದಲೇ ತೆರೆಯಿತು.

ಹಾಗಾದರೆ ಒಂದು ಸಿನಿಮಾದಿಂದ ಸುವ್ಯವಸ್ಥೆ ಕೆಡುತ್ತದೆ ಎಂದು ಯಾವಾಗ ಹೇಳಬಹುದು? ಇದಕ್ಕೆ ಇಂದಿಗೂ ಎಲ್ಲರೂ ಹಿಂತಿರುಗಿ ನೋಡುವ ತೀರ್ಪು 1989ರದು. ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಸಿನಿಮಾ. ಮೇಲ್ಜಾತಿಯ ಹುಡುಗಿಯೊಬ್ಬಳು ಸುಳ್ಳು ಜಾತಿ ಪ್ರಮಾಣಪತ್ರ ಪಡೆದು ಕೆಲಸಕ್ಕೆ ಸೇರುವ ಕಥೆ. ಜಾತಿ ಆಧಾರದ ಮೀಸಲಾತಿಯನ್ನು ಅದು ಟೀಕಿಸುತ್ತಿತ್ತು. ಸೆನ್ಸಾರ್ ಮಂಡಳಿ ‘ಯು’ ಪ್ರಮಾಣಪತ್ರ ಕೊಟ್ಟಿತ್ತು, ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪ್ರದರ್ಶನವಾದರೆ ಗಲಾಟೆ ಆಗುತ್ತದೆ ಎಂದು ರಾಜ್ಯ ಸರಕಾರವೂ ವಾದಿಸಿತು. ಸುಪ್ರೀಂ ಕೋರ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ.

ಅವರು ಬಳಸಿದ ಹೋಲಿಕೆ ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯದು. ಆ ಮಾತಿಗೂ ಮುಂದೆ ಆಗುವ ಅನಾಹುತಕ್ಕೂ ನಡುವಿನ ನಂಟು ಅಷ್ಟು ಹತ್ತಿರದ್ದೂ ನೇರವಾದದ್ದೂ ಆಗಿರಬೇಕು. ದೂರದ ಊಹೆ, ‘ಹಾಗಾದರೂ ಆಗಬಹುದು’ ಎಂಬ ಅಂದಾಜು ಸಾಲದು. ಕೆಮಿಸ್ಟ್ರಿ ಓದಿದವರಿಗೆ ಈ ಹೋಲಿಕೆ ಬೇಗ ಹಿಡಿಸುತ್ತದೆ. ಅದೇ ಕಿಡಿ ಒದ್ದೆ ಮರಳಿಗೆ ಬಿದ್ದರೆ ಏನೂ ಆಗುವುದಿಲ್ಲ. ಕಿಡಿ ಎಷ್ಟು ಬಿಸಿ ಎಂಬುದರ ಜೊತೆಗೆ ಅದು ಬಿದ್ದದ್ದು ಎಲ್ಲಿ ಎಂದೂ ನೋಡಬೇಕು.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಮಾತನಾಡುವವನು ಜನರನ್ನು ಹೊಡೆದಾಟಕ್ಕೆ ಎಬ್ಬಿಸುವುದು ಒಂದು, ಕೇಳುವವನು ‘ನೀನು ಮಾತಾಡಿದರೆ ನಾನು ಥಿಯೇಟರಿಗೆ ಕಲ್ಲು ಹೊಡೆಯುತ್ತೇನೆ’ ಎನ್ನುವುದು ಇನ್ನೊಂದು. ಎರಡನೆಯ ಸಂದರ್ಭದಲ್ಲಿ ಸರಕಾರ ಮಾತನ್ನು ನಿಲ್ಲಿಸಿದರೆ ಅದು ಬೆದರಿಕೆಗೆ ಶರಣಾದಂತೆ. ವಿರೋಧಿಸುವ ಗುಂಪನ್ನು ನಿಭಾಯಿಸಲು ನಮಗಾಗದು ಎಂದು ಸರಕಾರ ಕೈಚೆಲ್ಲುವಂತಿಲ್ಲ, ಕಾಪಾಡುವುದೇ ಅದರ ಕರ್ತವ್ಯ. ಸಿನಿಮಾಕ್ಕೆ ಪುಸ್ತಕಕ್ಕಿಂತ ಹೆಚ್ಚು ಪ್ರಭಾವ ಇದೆ, ಆದ್ದರಿಂದ ಮೊದಲೇ ಸೆನ್ಸಾರ್ ಮಾಡುವುದು ಬೇಕು ಎಂದೂ ಅದೇ ಕೋರ್ಟ್ ಒಪ್ಪಿಕೊಂಡಿತು. ಆದರೆ ನೋಡಬೇಕಾದ್ದು ಸಾಮಾನ್ಯ ಬುದ್ಧಿಯ, ವಿವೇಕದ ಮನುಷ್ಯನ ಕಣ್ಣಿನಿಂದ. ಮುಟ್ಟಿದರೆ ಮುನಿಯಂಥ ಮನಸ್ಸಿನವನ ಕಣ್ಣಿನಿಂದ ಅಲ್ಲ.

ಈಗ ನಮ್ಮದೇ ವಿಷಯಕ್ಕೆ ಬರೋಣ. 2006ರಲ್ಲಿ ‘ದ ಡಾ ವಿಂಚಿ ಕೋಡ್’ ಎಂಬ ಹಾಲಿವುಡ್ ಸಿನಿಮಾ ಬಂದಾಗ ನಮ್ಮಲ್ಲಿ ಹೆಚ್ಚಿನವರು ಶಿಶುವಿಹಾರದಲ್ಲಿದ್ದೆವು, ಕೆಲವರು ಹುಟ್ಟಿಯೇ ಇರಲಿಲ್ಲ. ಡ್ಯಾನ್ ಬ್ರೌನ್ ಅವರ 2003ರ ಕಾದಂಬರಿಯನ್ನು ಆಧರಿಸಿದ ಸಿನಿಮಾ ಅದು. ಪ್ರಭು ಯೇಸು ಮಗ್ದಲದ ಮರಿಯಳನ್ನು ಮದುವೆಯಾಗಿದ್ದರು, ಚರ್ಚು ಅದನ್ನು ಮುಚ್ಚಿಟ್ಟಿತು ಎಂಬುದು ಕಥೆಯ ಎಳೆ. ನಮಗೆ ಇದು ಸಣ್ಣ ಮಾತಲ್ಲ, ನಂಬಿಕೆಯ ಬುಡಕ್ಕೇ ಕೈಹಾಕಿದ ಮಾತು. ನೋವಾಗುವುದು ಸಹಜ. ದೇಶದ ಹಲವೆಡೆ ಕ್ರೈಸ್ತ ಸಂಘಟನೆಗಳು ನಿಷೇಧ ಬೇಡಿದವು. ಕೇಂದ್ರ ವಾರ್ತಾ ಸಚಿವರೇ ಕಥೋಲಿಕ ಪ್ರತಿನಿಧಿಗಳ ಜೊತೆ ಕುಳಿತು ಸಿನಿಮಾ ನೋಡಿದರು. ಕೊನೆಗೆ ಸೆನ್ಸಾರ್ ಮಂಡಳಿ ‘ಎ’ ಪ್ರಮಾಣಪತ್ರ ಕೊಟ್ಟಿತು. ವಯಸ್ಕರು ಮಾತ್ರ ನೋಡಬಹುದು, ಮತ್ತು ಇದು ಬರೀ ಕಲ್ಪನೆ ಎಂಬ ಸೂಚನೆಯನ್ನು ತೆರೆಯ ಮೇಲೆ ತೋರಿಸಬೇಕು.

ಅಷ್ಟಕ್ಕೇ ನಿಲ್ಲಲಿಲ್ಲ. ಗೋವಾ, ತಮಿಳುನಾಡು, ಆಂಧ್ರಪ್ರದೇಶ ಮುಂತಾದ ರಾಜ್ಯಗಳು ತಮ್ಮಲ್ಲಿ ಪ್ರದರ್ಶನ ನಿಲ್ಲಿಸಿದವು. ಕೇಂದ್ರದ ಮಂಡಳಿ ಪ್ರಮಾಣಪತ್ರ ಕೊಟ್ಟ ಮೇಲೆ ರಾಜ್ಯ ಹೇಗೆ ನಿಲ್ಲಿಸುತ್ತದೆ? ಪ್ರತಿ ರಾಜ್ಯಕ್ಕೂ ಚಿತ್ರಮಂದಿರಗಳ ನಿಯಂತ್ರಣಕ್ಕೆ ತನ್ನದೇ ಕಾಯ್ದೆ ಇದೆ. ಶಾಂತಿ ಕದಡುವ ಸಂಭವವಿದೆ ಎಂದು ಕಂಡರೆ ಪ್ರದರ್ಶನವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಅಧಿಕಾರ ಅದರಲ್ಲಿ ಇರುತ್ತದೆ. ಆಂಧ್ರ ಸರಕಾರ ಹಿಡಿದದ್ದು ಈ ದಾರಿಯನ್ನೇ.

ವಿತರಕರು ಆಂಧ್ರಪ್ರದೇಶ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಜಿ. ರಘುರಾಮ್ ಅವರ ಮುಂದೆ ಪ್ರಶ್ನೆ ಸರಳವಾಗಿತ್ತು: ಶಾಂತಿ ಕದಡುತ್ತದೆ ಎಂಬ ತೀರ್ಮಾನಕ್ಕೆ ಸರಕಾರ ಬಂದದ್ದು ಯಾವ ಆಧಾರದ ಮೇಲೆ? ಕಡತ ತೆರೆದು ನೋಡಿದರೆ ಅಲ್ಲಿದ್ದದ್ದು ಸಂಘಟನೆಗಳ ಮನವಿ ಪತ್ರಗಳು. ಆದೇಶ ಹೊರಡಿಸಿದ ಅಧಿಕಾರಿ ಸಿನಿಮಾ ನೋಡಿಯೇ ಇರಲಿಲ್ಲ. ಬೇರೆಯವರ ಆಕ್ಷೇಪಕ್ಕೆ ಸರಕಾರ ತನ್ನ ಮೊಹರು ಒತ್ತಿ ಕಳುಹಿಸಿತ್ತು, ತಾನಾಗಿ ಯೋಚಿಸಿರಲಿಲ್ಲ. ಅದೇ ಜೂನ್ ತಿಂಗಳಲ್ಲಿ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ತಮಿಳುನಾಡಿನ ನಿಷೇಧವನ್ನು ಮದ್ರಾಸ್ ಹೈಕೋರ್ಟ್ ಅದೇ ವರ್ಷ ತೆಗೆದುಹಾಕಿತು. ದೇಶಾದ್ಯಂತ ನಿಷೇಧಿಸಿ ಎಂದು ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಅಂದರೆ ನಾವು ಸೋತೆವು. ಸೋತದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ. ಮದ್ದಿನ ಪೀಪಾಯಿಯ ಅಳತೆಯಿಂದ ನೋಡಿ. ಕಾದಂಬರಿ ಆಗಲೇ ಮೂರು ವರ್ಷದಿಂದ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಸಿನಿಮಾದಲ್ಲಿ ಯಾರಿಗೂ ಹೊಡೆಯಿರಿ, ಚರ್ಚು ಒಡೆಯಿರಿ ಎಂಬ ಕರೆ ಇರಲಿಲ್ಲ. ನೋಡಲು ಬರುವವನು ವಯಸ್ಕ, ಟಿಕೆಟಿಗೆ ದುಡ್ಡು ಕೊಟ್ಟು ಬರುವವನು. ಗಲಾಟೆ ಆಗುವುದಿದ್ದರೆ ಅದು ಯಾರಿಂದ ಆಗಬೇಕಿತ್ತು? ಸಿನಿಮಾ ನೋಡಿದವರಿಂದ ಅಲ್ಲ, ನಮ್ಮಿಂದ! ‘ಶಾಂತಿ ಕದಡುತ್ತದೆ’ ಎಂಬ ಸರಕಾರದ ಮಾತಿನ ನಿಜವಾದ ಅರ್ಥ ‘ಕ್ರೈಸ್ತರು ಕಲ್ಲು ಹೊಡೆಯುತ್ತಾರೆ’ ಎಂದಾಗಿತ್ತು. ಆ ಸಿನಿಮಾಕ್ಕಿಂತ ಈ ಮಾತೇ ನಮಗೆ ಹೆಚ್ಚು ಅವಮಾನ ಅಲ್ಲವೇ?

‘ಹಾಗಾದರೆ ನಮ್ಮ ನಂಬಿಕೆಗೆ ರಕ್ಷಣೆಯೇ ಇಲ್ಲವೇ?’ ಎಂದು ಯಾರಾದರೂ ಕೇಳಬಹುದು. ಇದೆ. ಹಳೆಯ ದಂಡ ಸಂಹಿತೆಯ 295ಎ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 299, ಒಂದು ವರ್ಗದ ಧರ್ಮವನ್ನು ಅಥವಾ ಧಾರ್ಮಿಕ ನಂಬಿಕೆಯನ್ನು ಅವಮಾನಿಸುವುದನ್ನು ಶಿಕ್ಷಾರ್ಹವೆನ್ನುತ್ತದೆ, ಮೂರು ವರ್ಷದವರೆಗೆ ಜೈಲು. ಆದರೆ ಅದು ಉದ್ದೇಶಪೂರ್ವಕವೂ ದ್ವೇಷದಿಂದ ಕೂಡಿದ್ದೂ ಆಗಿರಬೇಕು. 1957ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದದ್ದೇ ಹೀಗೆ: ಅರಿಯದೆ, ಅಜಾಗ್ರತೆಯಿಂದ ಆಡಿದ ಮಾತನ್ನು ಇದು ಹಿಡಿಯುವುದಿಲ್ಲ, ಬೇಕೆಂದೇ ದ್ವೇಷದಿಂದ ಮಾಡಿದ ತೀವ್ರ ಅವಮಾನವನ್ನು ಮಾತ್ರ ಹಿಡಿಯುತ್ತದೆ. ಅಂಥದ್ದು ಸುವ್ಯವಸ್ಥೆಯನ್ನು ಕೆಡಿಸುವತ್ತ ಸಾಗುತ್ತದೆ, ಆದ್ದರಿಂದ 19(2)ರೊಳಗೆ ಬರುತ್ತದೆ. ಹಬ್ಬದ ದಿನ ನಮ್ಮ ಚರ್ಚಿನ ಗೇಟಿನ ಮುಂದೆ ಗುಂಪು ಕಟ್ಟಿಕೊಂಡು ಮೈಕಿನಲ್ಲಿ ‘ಇವರನ್ನು ಊರು ಬಿಡಿಸಿ’ ಎಂದು ಕೂಗುವವನು ಮದ್ದಿನ ಪಕ್ಕದಲ್ಲೇ ಕಿಡಿ ಹಾರಿಸುತ್ತಿದ್ದಾನೆ. ಅವನ ವಿರುದ್ಧ ಪೊಲೀಸರಿಗೆ ದೂರು ಕೊಡಿ, ನಾನೂ ಸಹಿ ಹಾಕುತ್ತೇನೆ.

ಸಭ್ಯತೆಯ ವಿಷಯದಲ್ಲೂ ಪ್ರಶ್ನೆ ‘ಯಾರ ಕಣ್ಣಿನಿಂದ ನೋಡಬೇಕು’ ಎಂಬುದೇ. ಇದು ನಮ್ಮ ತಂದೆ ತಾಯಂದಿರು ಹೆಚ್ಚು ಕೇಳುವ ವಿಷಯವಾದ್ದರಿಂದ ಎರಡು ಮಾತು. 1964ರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಮಾರಿದ ಮುಂಬಯಿಯ ಪುಸ್ತಕದ ಅಂಗಡಿಯವರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಬಳಸಿದ್ದು 1868ರ ಒಂದು ಇಂಗ್ಲಿಷ್ ಅಳತೆಗೋಲು. ಬೇಗ ಕೆಡಬಹುದಾದ ಮನಸ್ಸಿನವನ ಕೈಗೆ ಇದು ಸಿಕ್ಕಿದರೆ ಏನಾಗುತ್ತದೆ ಎಂದು ಅದು ಕೇಳುತ್ತಿತ್ತು. 2014ರಲ್ಲಿ ಕೋರ್ಟ್ ಆ ಗೋಲನ್ನು ಬಿಟ್ಟುಕೊಟ್ಟಿತು. ಆಗ ಮುಂದಿದ್ದದ್ದು ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರ ಸಂಗಾತಿಯ ಒಂದು ಬೆತ್ತಲೆ ಚಿತ್ರ. ಬಿಳಿಯ ಮತ್ತು ಕಪ್ಪು ವರ್ಣದ ಆ ಜೋಡಿ ವರ್ಣಭೇದದ ವಿರುದ್ಧ ಹೇಳಲು ತೆಗೆಸಿಕೊಂಡ ಚಿತ್ರ ಅದು. ಇಡೀ ಚಿತ್ರವನ್ನು ಅದರ ಸಂದೇಶದ ಜೊತೆ, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ದೃಷ್ಟಿಯಿಂದ ನೋಡಬೇಕು ಎಂದಿತು ಕೋರ್ಟ್. ಮಕ್ಕಳನ್ನು ಒಳಗೊಂಡ ಅಶ್ಲೀಲಕ್ಕೆ ಈ ಚರ್ಚೆಯೇ ಅನ್ವಯಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಕಠಿಣ ಕಾನೂನು ಇದೆ, ಇರಲೇಬೇಕು.

ಕೋರ್ಟುಗಳು ಯಾವಾಗಲೂ ಮಾತಿನ ಪರವೇ ನಿಂತಿವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕನ್ನಡದ್ದೇ ಉದಾಹರಣೆ ಇದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ, 12ನೇ ಶತಮಾನದ ಶರಣರ ಕಾಲದ ಕಥೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಪುಸ್ತಕ. ಶರಣ ಪರಂಪರೆಯ ಭಕ್ತರಿಗೆ ಅದರ ಒಂದು ಭಾಗದಿಂದ ನೋವಾಯಿತು. 1997ರಲ್ಲಿ ಕರ್ನಾಟಕ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮುಂತಾದವರು ಅದನ್ನು ಪ್ರಶ್ನಿಸಿದರು. 2007ರಲ್ಲಿ, ಅಂದರೆ ಡಾ ವಿಂಚಿ ಕೋಡ್ ಪ್ರಕರಣದ ಮರುವರ್ಷ, ಸುಪ್ರೀಂ ಕೋರ್ಟ್ ಸರಕಾರದ ಕ್ರಮವನ್ನೇ ಎತ್ತಿಹಿಡಿಯಿತು. ಪುಸ್ತಕ ಮುಟ್ಟುಗೋಲಿನ ಕಾನೂನು ಬೇರೆ, ಅದು ಮುಂಜಾಗ್ರತೆಯ ಕ್ರಮ, ಆ ಹಂತದಲ್ಲಿ ಲೇಖಕನ ದ್ವೇಷದ ಉದ್ದೇಶವನ್ನು ಸಾಬೀತು ಮಾಡಬೇಕಿಲ್ಲ ಎಂಬುದು ಕಾರಣ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಲಕ್ಷಾಂತರ ಜನ ನೋಡುವ ಸಿನಿಮಾಕ್ಕೆ ಮದ್ದಿನ ಪೀಪಾಯಿಯ ಅಳತೆ, ಕೆಲವೇ ಜನ ಓದುವ ಕಾದಂಬರಿಗೆ ಅದಕ್ಕಿಂತ ಸಡಿಲವಾದ ಅಳತೆ ಎಂದರೆ ಲೆಕ್ಕ ಹೊಂದುವುದಿಲ್ಲ. ಆದರೆ ಕಾನೂನು ಇರುವುದು ಹೀಗೆ, ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂದು ಮೊದಲೇ ಹೇಳಲಾಗದು.

ಇದರಿಂದ ನಮಗೇನು? ನಮ್ಮ ಎಣಿಕೆಯನ್ನೇ ನೋಡಿ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಪೂಜೆ ಕೇಳುವ ನಾವು ಕೇರಳದ ಕ್ರೈಸ್ತರಲ್ಲೇ ಸಣ್ಣ ಗುಂಪು, ಕನ್ನಡಿಗರಲ್ಲೂ ಸಣ್ಣ ಗುಂಪು. ‘ಗುಂಪು ಸಿಟ್ಟಾಗಿದೆ, ಆದ್ದರಿಂದ ನಿಲ್ಲಿಸಿ’ ಎಂಬುದು ನಿಯಮವಾದರೆ ಗೆಲ್ಲುವುದು ಯಾವಾಗಲೂ ದೊಡ್ಡ ಗುಂಪು. ಯಾವುದೋ ಊರಿನ ಮನೆಯೊಂದರಲ್ಲಿ ಪ್ರಾರ್ಥನಾ ಕೂಟ ನಡೆಯುವಾಗ ಹೊರಗೆ ಹತ್ತಾರು ಜನ ಸೇರಿ ಗಲಾಟೆ ಮಾಡಿದರು ಎಂದುಕೊಳ್ಳಿ. ಅಧಿಕಾರಿ ಬಂದು ‘ಶಾಂತಿ ಕದಡುತ್ತದೆ, ಪ್ರಾರ್ಥನೆ ನಿಲ್ಲಿಸಿ’ ಎಂದರೆ ನಮ್ಮ ಉತ್ತರವೇನು? 1989ರ ತೀರ್ಪಿನಲ್ಲಿ ಇರುವುದೇ ಉತ್ತರ: ಗಲಾಟೆ ಮಾಡುವವರನ್ನು ತಡೆಯಿರಿ, ಪ್ರಾರ್ಥಿಸುವವರನ್ನಲ್ಲ. ಸಿನಿಮಾದ ವಿಷಯದಲ್ಲಿ ಆ ಉತ್ತರ ಬೇಡ, ನಮ್ಮ ವಿಷಯದಲ್ಲಿ ಮಾತ್ರ ಬೇಕು ಎಂದರೆ ಯಾರು ಕೇಳುತ್ತಾರೆ?

ಕೇರಳದಲ್ಲೇ ಅದಕ್ಕೊಂದು ಸಾಕ್ಷಿ ಇದೆ. 1985ರಲ್ಲಿ ‘ಯೆಹೋವನ ಸಾಕ್ಷಿಗಳು’ ಪಂಗಡದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರಿಗಲ್ಲದೆ ಬೇರೆ ಯಾವುದಕ್ಕೂ ಅಂಥ ಸ್ತುತಿ ಸಲ್ಲದು ಎಂಬುದು ಅವರ ನಂಬಿಕೆ. ಬೋಧನೆಯಲ್ಲಿ ನಮಗೂ ಅವರಿಗೂ ದೂರ ಬಹಳ, ಅವರ ಈ ನಿಲುವನ್ನು ನಾವು ಒಪ್ಪುವುದೂ ಇಲ್ಲ. ಶಾಸಕರೊಬ್ಬರು ವಿಧಾನಸಭೆಯಲ್ಲಿ ವಿಷಯ ಎತ್ತಿದರು, ಆಯೋಗ ನೇಮಕವಾಯಿತು. ಮಕ್ಕಳು ಅಗೌರವ ತೋರಿಲ್ಲ ಎಂದು ಆಯೋಗ ಹೇಳಿದರೂ ಅವರನ್ನು ಶಾಲೆಯಿಂದ ತೆಗೆದುಹಾಕಲಾಯಿತು. ಹೈಕೋರ್ಟಿನಲ್ಲಿ ಸೋತರು. 1986ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು 19ನೇ ವಿಧಿಯನ್ನೇ ಮುಂದಿಟ್ಟರು. ಸುಮ್ಮನಿರುವುದೂ ಮಾತಿನ ಸ್ವಾತಂತ್ರ್ಯದ ಭಾಗ. ಅದನ್ನು ಮೊಟಕುಗೊಳಿಸಲು ಕಾನೂನು ಬೇಕು, ಶಿಕ್ಷಣ ಇಲಾಖೆಯ ಸುತ್ತೋಲೆ ಕಾನೂನಲ್ಲ. ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಆದೇಶವಾಯಿತು. ಆ ಮಕ್ಕಳ ಪರ ದೊಡ್ಡ ಗುಂಪು ಇರಲಿಲ್ಲ, ಇದ್ದದ್ದು ಆ ಒಂದು ವಿಧಿ.

2021ರಲ್ಲಿ ‘ಈಶೋ’ ಎಂಬ ಮಲಯಾಳಂ ಸಿನಿಮಾದ ಹೆಸರನ್ನೇ ಬದಲಿಸಬೇಕೆಂದು ಒಂದು ಕ್ರೈಸ್ತ ಸಂಘಟನೆ ಕೇರಳ ಹೈಕೋರ್ಟಿಗೆ ಹೋಯಿತು. ಹೆಸರಿನ ಕಾರಣಕ್ಕೆ ತಾನು ಮಧ್ಯೆ ಬರಲಾರೆ ಎಂದು ಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಹದಿನೈದು ವರ್ಷ ಕಳೆದರೂ ನಾವು ಅದೇ ಬಾಗಿಲು ತಟ್ಟುತ್ತಿದ್ದೇವೆ.

ಆದ್ದರಿಂದ ನಮ್ಮ ಮುಂದಿನ ಯುವ ಸಭೆಗೆ ನನ್ನದೊಂದು ಸಲಹೆ. ಇಂಥ ಅರ್ಜಿ ಬಂದಾಗ ಸಹಿಯ ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ಸಾಲು ಬಿಡೋಣ. ಸಹಿ ಹಾಕುವವರು ಸಿನಿಮಾ ನೋಡಿದ್ದಾರೆಯೇ? ಆಕ್ಷೇಪ ಯಾವ ದೃಶ್ಯದ ಮೇಲೆ? ಅದು 19(2)ರ ಎಂಟರಲ್ಲಿ ಯಾವುದಕ್ಕೆ ಬರುತ್ತದೆ? ಗಲಾಟೆಯ ಭಯವಿದ್ದರೆ, ಗಲಾಟೆ ಮಾಡುವವರು ಯಾರು? ನಾಲ್ಕಕ್ಕೂ ಉತ್ತರ ಬರೆಯಲು ಸಾಧ್ಯವಾದರೆ ಅರ್ಜಿಯನ್ನು ವಕೀಲರಿಗೆ ತೋರಿಸೋಣ. ಆಗದಿದ್ದರೆ ಅದೇ ಹಾಳೆಯ ಹಿಂಬದಿಯಲ್ಲಿ ಆ ಸಿನಿಮಾಕ್ಕೆ ಒಂದು ವಿಮರ್ಶೆ ಬರೆದು ಇಲ್ಲಿಗೆ ಕಳುಹಿಸಿ, ಎಷ್ಟು ಖಾರವಾಗಿದ್ದರೂ ಹಾಕುತ್ತೇವೆ.